ಗುಡ್ ಮಾರ್ನಿಂಗ್, ಗುಡ್ ನೈಟ್ ಹಳಸದಂತೆ ಬರೆಯುವುದು ಹೇಗೆ: ಗಂಗಾವತಿಯಿಂದ ಪುಣೆಗೆ ಹತ್ತೊಂಬತ್ತು ತಿಂಗಳು

ನಮ್ಮ ಮನೆಯವರು 2024ರ ಜೂನ್‌ನಲ್ಲಿ ಪುಣೆ ಹತ್ತಿರದ ಚಾಕಣ್‌ಗೆ ಕೆಲಸಕ್ಕೆ ಹೋದರು. ಗಾಡಿಯ ಬಿಡಿಭಾಗ ಮಾಡುವ ಫ್ಯಾಕ್ಟರಿ, ವಾರಕ್ಕೊಂದು ಶಿಫ್ಟ್. ನಾನು ಗಂಗಾವತಿಯಲ್ಲಿ ಒಂದು ಅಕ್ಕಿ ಗಿರಣಿಯ ಲೆಕ್ಕ ನೋಡುತ್ತೇನೆ. ಅತ್ತೆ, ಮಾವ, ಎರಡು ಎಕರೆ ಭತ್ತದ ಗದ್ದೆ ಇಲ್ಲೇ ಇರುವುದರಿಂದ ನಾನು ಹೋಗುವ ಹಾಗಿಲ್ಲ. ಅವರು ಬರುವುದು ಎರಡು ಮೂರು ತಿಂಗಳಿಗೊಮ್ಮೆ. ಉಳಿದ ದಿನ ನಮ್ಮ ಸಂಸಾರ ನಡೆಯುವುದು ಬೆಳಿಗ್ಗೆ ಒಂದು ಮೆಸೇಜು, ರಾತ್ರಿ ಒಂದು ಮೆಸೇಜಿನ ಮೇಲೆ. ಸಂಜೆ ಫೋನ್ ಇರುತ್ತದೆ, ಆದರೆ ಅದರಲ್ಲಿ ಅರ್ಧ ಹೊತ್ತು ಮಾವ ಗೊಬ್ಬರದ ರೇಟು ಹೇಳುತ್ತಾರೆ.

ಮೊದಲ ತಿಂಗಳುಗಳಲ್ಲಿ ಯಾವ ತೊಂದರೆಯೂ ಇರಲಿಲ್ಲ. ಎಲ್ಲವೂ ಹೊಸದು. ರೂಮ್ ಹೇಗಿದೆ, ಊಟ ಹೇಗಿದೆ ಅನ್ನುವುದೇ ಸಾಕಿತ್ತು. ಐದನೇ ತಿಂಗಳಿಗೆ ಮೆಸೇಜು ಹಳಸಿದವು. "ಗುಡ್ ಮಾರ್ನಿಂಗ್ ರೀ", ಒಂದು ಹೂವು. "ಗುಡ್ ನೈಟ್, ಊಟ ಆತಾ?", "ಆತು, ನಿಂದು?", "ಆತು". ಒಂದು ರಾತ್ರಿ ಅವರು ಟೈಪ್ ಮಾಡುವ ಮೊದಲೇ ಏನು ಬರುತ್ತದೆ ಅಂತ ನನಗೆ ಗೊತ್ತಿತ್ತು, ಅದೇ ಬಂತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಲ್ಲಿಂದ ಇಲ್ಲಿವರೆಗೆ ನಾವು ತಪ್ಪು ಮಾಡುತ್ತಾ, ತಿದ್ದುತ್ತಾ ಕಂಡುಕೊಂಡ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಚಂದದ ಕವಿತೆ ಸಾಲುಗಳ ಪಟ್ಟಿ ಇದರಲ್ಲಿಲ್ಲ. ಅಂಥ ಸಾಲುಗಳನ್ನು ನಾನೂ ಹುಡುಕಿ ಕಳಿಸಿದ್ದೆ. "ಇದು ಎಲ್ಲಿಂದ ಕಾಪಿ ಮಾಡೀದಿ?" ಅಂತ ಉತ್ತರ ಬಂತು.

ಮೊದಲು ಹಳೆಯ ಮೆಸೇಜು ಓದಿ

ಹೊಸದು ಬರೆಯುವ ಮೊದಲು ಹಿಂದಿನ ಒಂದು ತಿಂಗಳ ಬೆಳಗಿನ, ರಾತ್ರಿಯ ಮೆಸೇಜುಗಳನ್ನು ಒಟ್ಟಿಗೆ ಓದಬೇಕು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಹೆಸರು, ತಾರೀಖು ಮುಚ್ಚಿದರೆ ಇದನ್ನು ಯಾರು ಬೇಕಾದರೂ, ಯಾವ ದಿನ ಬೇಕಾದರೂ ಕಳಿಸಬಹುದಿತ್ತಾ? ಹೌದು ಅಂತಾದರೆ ಅದು ಹಳಸಿದ ಮೆಸೇಜು. ನನ್ನ ಅರವತ್ತರಲ್ಲಿ ಐವತ್ತಕ್ಕೂ ಜಾಸ್ತಿ ಹಾಗೇ ಇದ್ದವು. ಫ್ಯಾಮಿಲಿ ಗ್ರೂಪಿನಲ್ಲಿ ದೊಡ್ಡಪ್ಪ ಹಾಕುವ ಗುಲಾಬಿ ಹೂವಿನ ಶುಭೋದಯಕ್ಕೂ ನನ್ನ ಶುಭೋದಯಕ್ಕೂ ವ್ಯತ್ಯಾಸವೇ ಇರಲಿಲ್ಲ.

ಹಾಗೇ ಹಿಂದೆ ಹಿಂದೆ ಹೋದಾಗ ಆಗಸ್ಟ್ ತಿಂಗಳ ಒಂದು ವಾರ ಮಾತ್ರ ಬೇರೆಯಾಗಿ ಕಂಡಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತಲ್ಲ, ಆ ವಾರ. ನಮ್ಮ ಗದ್ದೆಗೆ ನೀರು ಬರುವುದು ಅದೇ ಡ್ಯಾಮಿನ ಎಡದಂಡೆ ಕಾಲುವೆಯಿಂದ. ಕೂಡಿಟ್ಟ ನೀರೆಲ್ಲ ಹೊಳೆಗೆ ಹೋಗುತ್ತಿತ್ತು. ರಾತ್ರಿ ನಾನು "ಇನ್ನೂ ನಿಂತಿಲ್ಲ, ಮಾವ ಟಿವಿ ಮುಂದಿನಿಂದ ಏಳವಲ್ರು" ಅಂತ ಬರೆದಿದ್ದೆ. ಬೆಳಿಗ್ಗೆ ಅವರು ಎದ್ದ ಕೂಡಲೇ "ಏನಾತು ಗೇಟ್? ಅಪ್ಪ ಮಲಗಿದ್ನೋ ಇಲ್ಲೋ?" ಅಂತ ಕೇಳಿದ್ದರು. ವಾರದ ಹೊತ್ತಿಗೆ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಅನ್ನುವ ಉಕ್ಕಿನ ತಡೆ ಇಳಿಸಿ ನಿಲ್ಲಿಸಿದರು. ನಮ್ಮ ಮೆಸೇಜು ಮತ್ತೆ ಹೂವಿಗೆ ಬಂದು ನಿಂತವು.

ಆ ವಾರದಲ್ಲಿ "ಮಿಸ್ ಯೂ" ಒಂದು ಸಲವೂ ಇಲ್ಲ. ಆದರೂ ಅದೇ ಚೆನ್ನಾಗಿತ್ತು. ಯಾಕೆ ಅಂತ ಯೋಚಿಸಿದಾಗ ಗೊತ್ತಾಯಿತು: ರಾತ್ರಿಯ ಮೆಸೇಜು ಒಂದು ಎಳೆ ಬಿಡುತ್ತಿತ್ತು, ಬೆಳಗಿನ ಮೆಸೇಜು ಅದನ್ನೇ ಹಿಡಿಯುತ್ತಿತ್ತು. ಉಳಿದ ದಿನ ಎರಡೂ ಒಂದಕ್ಕೊಂದು ಸಂಬಂಧ ಇಲ್ಲದೆ ಬಿದ್ದಿದ್ದವು. ಇನ್ನು ಪ್ರತಿ ವಾರ ಗೇಟ್ ಒಡೆಯಲಿ ಅನ್ನಲು ಆಗುವುದಿಲ್ಲ. ಸಣ್ಣ ಎಳೆಗಳನ್ನು ನಾವೇ ಹುಡುಕಬೇಕು.

ಓದುವ ಹೊತ್ತಿಗೆ ಬರೆಯಿರಿ

ಎಳೆಗೆ ಹೋಗುವ ಮೊದಲು ಗಡಿಯಾರ ಸರಿ ಮಾಡಿಕೊಳ್ಳಬೇಕು. ಒಬ್ಬರಾದರೂ ಶಿಫ್ಟ್‌ನಲ್ಲಿದ್ದರೆ ಇದು ತುಂಬಾ ಮುಖ್ಯ. ಇವರದು ಮೂರು ಪಾಳಿ: ಬೆಳಿಗ್ಗೆ 7ರಿಂದ ಮಧ್ಯಾಹ್ನ 3.30, ಅಲ್ಲಿಂದ ರಾತ್ರಿ 12, ಅಲ್ಲಿಂದ ಬೆಳಿಗ್ಗೆ 7. ಒಳಗೆ ಹೋಗುವಾಗ ಫೋನ್ ಲಾಕರ್‌ನಲ್ಲಿ ಇಡಬೇಕು. ನಾನು ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳದೆ ದಿನಾ 5.30ಕ್ಕೆ ಎದ್ದು "ಶುಭೋದಯ, ಎದ್ರೇನ್ರಿ?" ಅಂತ ಕಳಿಸುತ್ತಿದ್ದೆ. ರಾತ್ರಿ ಪಾಳಿಯ ವಾರ ಅವರು ಅದನ್ನು ಓದುತ್ತಿದ್ದುದು 7.15ಕ್ಕೆ, ರಾತ್ರಿಯೆಲ್ಲ ನಿಂತು, ಕಣ್ಣು ಉರಿಯುವಾಗ. ಎದ್ರಾ ಅಂತ ಕೇಳಿದರೆ ಏನು ಹೇಳಬೇಕು ಪಾಪ?

ಹಾಗಾಗಿ ಮೂರು ವಾರದ ಒಂದು ಚೀಟಿ ಮಾಡಿದೆವು. ಅದರಲ್ಲಿ ಪಾಳಿಯ ಸಮಯಕ್ಕಿಂತ ಮುಖ್ಯವಾದದ್ದು ಮೂರು ಹೊತ್ತು: ಅವರು ಎದ್ದು ಫೋನ್ ನೋಡುವುದು, ಲಾಕರ್‌ಗೆ ಇಡುವ ಮೊದಲು ಕೊನೆಗೆ ನೋಡುವುದು, ಮಲಗುವ ಮೊದಲು ನೋಡುವುದು. ರಾತ್ರಿ ಪಾಳಿಯ ವಾರ ನಮ್ಮದು ಪೂರ್ತಿ ತಿರುವುಮುರುವು. ನಾನು ರಾತ್ರಿ 10.15ಕ್ಕೆ ಬರೆಯುವುದು ಅವರು ಕೆಲಸಕ್ಕೆ ಹೊರಡುವಾಗ ಓದುವ ಮೆಸೇಜು. ನನಗೆ ರಾತ್ರಿ, ಅವರಿಗೆ ಬೆಳಗು ಇದ್ದಂತೆ. ಅವರು ಬೆಳಿಗ್ಗೆ 8.30ಕ್ಕೆ ಬರೆಯುವ ಗುಡ್ ನೈಟ್ ನಾನು ಗಿರಣಿಯಲ್ಲಿ ಕುರ್ಚಿ ಎಳೆದು ಕೂರುವಾಗ ಸಿಗುತ್ತದೆ. ಬೆಳಿಗ್ಗೆ 8.30ಕ್ಕೆ "ಗುಡ್ ನೈಟ್" ಬಂದರೆ ಮೊದಮೊದಲು ನಗು ಬರುತ್ತಿತ್ತು. ಈಗ ಆ ವಾರಕ್ಕೆ "ಉಲ್ಟಾ ವಾರ" ಅಂತಲೇ ಹೆಸರು.

ಹಗಲು ಪಾಳಿ ಇದ್ದರೆ ಇಷ್ಟೆಲ್ಲ ಬೇಕಿಲ್ಲ. ಆದರೂ ಒಂದು ಮಾತು. ಇಬ್ಬರೂ ದಿನಾ ಸರಿಯಾಗಿ ಅದೇ ನಿಮಿಷಕ್ಕೆ ಕಳಿಸಬೇಕು ಅಂತ ಕಟ್ಟು ಹಾಕಿಕೊಳ್ಳಬೇಡಿ. ಹತ್ತು ನಿಮಿಷ ತಡವಾದರೆ ಇನ್ನೊಬ್ಬರು ನೀಲಿ ಗೆರೆ ನೋಡುತ್ತಾ ಕೂರುತ್ತಾರೆ. ಒಂದು ಗಂಟೆಯ ಸಡಿಲ ಇರಲಿ.

ಹಗಲಿನಲ್ಲಿ ಎರಡು ಪದ ಬರೆದಿಟ್ಟುಕೊಳ್ಳಿ

ರಾತ್ರಿ ಹತ್ತಕ್ಕೆ ಹಾಸಿಗೆಯಲ್ಲಿ ಬಿದ್ದು "ಇವತ್ತು ಏನು ಬರೆಯಲಿ" ಅಂದರೆ ಏನೂ ಹೊಳೆಯುವುದಿಲ್ಲ. ದಿನದಲ್ಲಿ ಏನೂ ಆಗಲಿಲ್ಲ ಅಂತಲ್ಲ, ದಣಿದ ತಲೆ ಅದನ್ನು ಮರೆತಿರುತ್ತದೆ. ಅದಕ್ಕೆ ವಾಟ್ಸಾಪ್‌ನಲ್ಲಿ ನಮಗೆ ನಾವೇ ಕಳಿಸಿಕೊಳ್ಳುವ ಚಾಟ್ ಇದೆಯಲ್ಲ, ಅದರಲ್ಲಿ ನಾನು ಎರಡೆರಡು ಪದ ಹಾಕಿಡುತ್ತೇನೆ. "ಕಾಟಾ ಜಗಳ". "ಅತ್ತೆ ಕನ್ನಡಕ". "ತೌಡು ಹಸು". ರಾತ್ರಿ ನೋಡಿದರೆ ಸಾಕು, ಪೂರ್ತಿ ಸಂಗತಿ ಎದ್ದು ನಿಲ್ಲುತ್ತದೆ.

ಏನನ್ನು ಬರೆದಿಡಬೇಕು? ದೊಡ್ಡ ಸುದ್ದಿ ಬೇಡ, ಅದು ಸಂಜೆ ಫೋನಿಗೆ. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು, ಸಿಟ್ಟು ತರಿಸಿದ್ದು, ಅವರು ಇಲ್ಲಿದ್ದಿದ್ದರೆ ಮೊಣಕೈಯಿಂದ ತಿವಿದು ತೋರಿಸುತ್ತಿದ್ದೆ ಅನ್ನಿಸುವಂಥದ್ದು. ಆ ಕೊನೆಯದೇ ನನ್ನ ಅಳತೆ.

ರಾತ್ರಿ ಎಳೆ ಬಿಡುವುದು, ಬೆಳಿಗ್ಗೆ ಹಿಡಿಯುವುದು

ಇದೇ ಮುಖ್ಯ ಹೆಜ್ಜೆ. ರಾತ್ರಿಯ ಮೆಸೇಜಿನಲ್ಲಿ ಒಂದೇ ಸಂಗತಿ, ಎರಡು ಮೂರು ಸಾಲು, ಮತ್ತು ಅದು ಇನ್ನೂ ಮುಗಿದಿರಬಾರದು. ಬೆಳಗಿನದರಲ್ಲಿ ಹೊಸ ಸಂಗತಿ ತರುವ ಅಗತ್ಯವೇ ಇಲ್ಲ. ರಾತ್ರಿಯದನ್ನು ಹಿಡಿದು ಒಂದು ಮಾತು ಸೇರಿಸಿದರೆ ಆಯಿತು. ಎದ್ದ ಕೂಡಲೇ ಯಾರಿಗೂ ಬುದ್ಧಿ ಓಡುವುದಿಲ್ಲ, ಆದರೆ ನಿನ್ನೆಯದನ್ನು ಮುಂದುವರಿಸಲು ಬುದ್ಧಿ ಬೇಕಿಲ್ಲ. ನಮ್ಮ ಬೆಳಗಿನ ಮೆಸೇಜಿನ ಕಷ್ಟ ಕಳೆದದ್ದು ಇದರಿಂದಲೇ.

ಒಂದು ವಾರ ಹೇಗೆ ನಡೆಯಿತು ಅಂತ ಹಾಗೇ ಕೊಡುತ್ತೇನೆ. ಅವರದು ಬೆಳಗಿನ ಪಾಳಿ ಇತ್ತು, ಅಂದರೆ ಉಲ್ಟಾ ಇಲ್ಲ.

ಸೋಮವಾರ ರಾತ್ರಿ ನಾನು: "ಗಿರಣ್ಯಾಗ ಖಾಲಿ ಚೀಲದ ರಾಶಿ ಒಳಗ ಬೆಕ್ಕು ಮರಿ ಹಾಕೈತಿ. ಎಷ್ಟು ಅಂತ ಎಣಸಾಕ ಹತ್ರ ಬಿಡವಲ್ದು. ನೀವು ಎಷ್ಟು ಅಂತೀರಿ? ಮಲಗ್ರಿ ಇನ್ನ."

ಮಂಗಳವಾರ ಬೆಳಿಗ್ಗೆ ಅವರು: "ಮೂರು. ಸೋತ್ರ ಒಂದು ಪ್ಲೇಟ್ ಮಿರ್ಚಿ. ಎದ್ದಿ ಇಲ್ಲೋ?"

ಮಂಗಳವಾರ ರಾತ್ರಿ ನಾನು: "ನಾಕು ಅದಾವು! ಒಂದು ಕರೀದು ಕೆಳಗ ಇತ್ತು. ಮಿರ್ಚಿ ನಿಮ್ಮ ಮ್ಯಾಲ. ಆದ್ರ ಶುಕ್ರವಾರ ಆ ಚೀಲ ಎಲ್ಲಾ ತುಂಬಾಕ ಬೇಕಂತ. ಮರಿ ಎಲ್ಲಿ ಇಡೂದು ತಿಳೀವಲ್ದು."

ಬುಧವಾರ ಬೆಳಿಗ್ಗೆ: "ಹಮಾಲರ ಕಾಕಾಗ ಹೇಳು. ಅಂವ ಬಾಯಿ ಜೋರು, ಕೈ ಮೆತ್ತಗ."

ಗುರುವಾರ ರಾತ್ರಿ ನಾನು: "ಕಾಕಾ ಮಧ್ಯಾಹ್ನ ಒಂದು ಬುಟ್ಟಿ ತಂದ. ನನ್ನ ನೋಡಿ 'ನಾ ಏನ್ ಬೆಕ್ಕಿಗೆ ತಂದಿಲ್ಲ' ಅಂದ. ನಾ ಏನೂ ಕೇಳೇ ಇರಲಿಲ್ಲ."

ಶನಿವಾರದ ಹೊತ್ತಿಗೆ ಬೆಕ್ಕು ಬುಟ್ಟಿಯಿಂದಲೂ ಮರಿ ಎತ್ತಿಕೊಂಡು ಬಾಯ್ಲರ್ ಹಿಂದೆ ಹೋಯಿತು. ಎಳೆ ಅಲ್ಲಿಗೆ ಮುಗಿಯಿತು. ಅದನ್ನು ಮತ್ತೆ ಎಳೆಯಲು ಹೋಗಲಿಲ್ಲ. ಎರಡು ವಾರ ಆದಮೇಲೂ ದಿನಾ "ಮರಿ ಹೇಗಿವೆ" ಅಂದರೆ ಅದೂ "ಊಟ ಆಯ್ತಾ" ಆಗಿಬಿಡುತ್ತದೆ. ನಮ್ಮ ಅನುಭವದಲ್ಲಿ ಒಂದು ಎಳೆ ಮೂರರಿಂದ ಆರು ದಿನ ಬಾಳುತ್ತದೆ. ಪ್ರಶ್ನೆ ಇನ್ನೂ ಬರುತ್ತಿದೆ ಅಂದರೆ ಜೀವ ಇದೆ. ಬರೀ ನಗುವ ಮುಖ ಬಂತು ಅಂದರೆ ಮುಗಿಸಿ.

ಬುಧವಾರ ರಾತ್ರಿ ಮತ್ತು ಗುರುವಾರ ಬೆಳಿಗ್ಗೆ ಬೆಕ್ಕಿನ ಮಾತೇ ಇರಲಿಲ್ಲ. ಆಗ ಅವರ ಕಡೆಯ ಎಳೆ ನಡೆದಿತ್ತು. ಎಳೆ ಒಂದೇ ಕಡೆಯಿಂದ ಬರಬಾರದು. ಒಬ್ಬರು ಕಥೆ ಹೇಳುವವರು, ಇನ್ನೊಬ್ಬರು ಹೂಂಗುಡುವವರು ಅಂತಾದರೆ ಎರಡು ತಿಂಗಳಿಗೆ ಹೇಳುವವರಿಗೆ ಬೇಸರ ಬರುತ್ತದೆ. ಇವರ ರೂಮಿನಲ್ಲಿ ನಾಲ್ಕು ಜನ. ಪುಣೆಯ ಮೆಸ್ಸಿನ ಚಪಾತಿ ತಿಂದು ಸಾಕಾಗಿ ಜೋಳದ ರೊಟ್ಟಿ ಕಲಿಯುತ್ತೇವೆ ಅಂತ ಹೊರಟಿದ್ದರು. ದಿನಾ ರಾತ್ರಿ ಒಂದು ಹರಿದ ರೊಟ್ಟಿಯ ಫೋಟೋ, ಕೆಳಗೆ "ಇವತ್ತಿಂದು ಯಾವ ಜಿಲ್ಲಾ ಹಂಗೈತಿ ಹೇಳು". ಬೆಳಿಗ್ಗೆ ನಾನು "ರಾಯಚೂರು, ಆದ್ರ ಲಿಂಗಸುಗೂರು ಕಡೆ ಹರದೈತಿ" ಅಂತ ಬರೆಯುವುದು. ದುಂಡಗಿನ ರೊಟ್ಟಿ ಬಂದ ದಿನ ನನಗೆ ಸ್ವಲ್ಪ ಬೇಜಾರೇ ಆಯಿತು.

ಊಟ ಆಯ್ತಾ ಅನ್ನುವುದನ್ನು ಏನು ಮಾಡುವುದು

ಬಿಡಲು ಆಗುವುದಿಲ್ಲ, ಬಿಡಬಾರದು ಕೂಡ. ನಮ್ಮ ಕಡೆ ಪ್ರೀತಿ ಅಂದರೆ ಅದೇ ಮಾತು. ತೊಂದರೆ ಇರುವುದು ಅದಕ್ಕೆ ಉತ್ತರ ಒಂದೇ ಪದ ಅನ್ನುವುದರಲ್ಲಿ. ಹಾಗಾಗಿ ಅದನ್ನು ನಾವು ಮಧ್ಯಾಹ್ನಕ್ಕೆ ಸರಿಸಿದೆವು, ಬೆಳಗು ರಾತ್ರಿಯ ಮೆಸೇಜಿನಿಂದ ಹೊರಗೆ. ರಾತ್ರಿ ಕೇಳಲೇಬೇಕು ಅನ್ನಿಸಿದರೆ ಬದಲಿಸಿ ಕೇಳುತ್ತೇನೆ: "ಇವತ್ತಿನ ಪಲ್ಯ ಬಾಯಿ ಚಪ್ಪರಿಸಿ ತಿಂದ್ರೋ, ಮೂಗು ಮುಚ್ಚಿ ತಿಂದ್ರೋ?" ಇದಕ್ಕೆ "ಆತು" ಅಂತ ಉತ್ತರ ಕೊಡಲು ಬರುವುದಿಲ್ಲ. ಒಮ್ಮೆ ಅವರೇ "ಜೇವ್ಲೀಸ್ ಕಾ?" ಅಂತ ಕಳಿಸಿದರು. ನಾನು ಏನೋ ಬೈಗುಳ ಅಂದುಕೊಂಡೆ. ಊಟ ಆಯ್ತಾ ಅನ್ನುವುದಕ್ಕೆ ಮರಾಠಿ ಅಂತೆ.

ದನಿ ಕಳಿಸುವುದಾದರೆ

ವಾರಕ್ಕೆ ಎರಡು ಸಲ ಅಕ್ಷರದ ಬದಲು ದನಿ ಕಳಿಸುತ್ತೇವೆ. ಅರ್ಧ ನಿಮಿಷ ಮೀರಬಾರದು. ಅದಕ್ಕಿಂತ ಉದ್ದ ಇದ್ದರೆ "ಆಮೇಲೆ ಕೇಳೋಣ" ಅಂತ ಬಿದ್ದಿರುತ್ತದೆ. ನಾಲ್ಕು ಜನರ ರೂಮಿನಲ್ಲಿ ಇಯರ್‌ಫೋನ್ ಇಲ್ಲದೆ ಕೇಳುವ ಹಾಗೂ ಇಲ್ಲ, ಅದಕ್ಕೇ ಕಳಿಸುವ ಮೊದಲು "ದನಿ ಐತಿ" ಅಂತ ಒಂದು ಸಾಲು.

ಮಾತಾಡಲೇಬೇಕು ಅಂತೇನಿಲ್ಲ. ಬೆಳಿಗ್ಗೆ ಅತ್ತೆ ರೊಟ್ಟಿ ಬಡಿಯುವಾಗ ಫೋನನ್ನು ಒಲೆಯಿಂದ ಎರಡು ಮೊಳ ದೂರ, ಪಾತ್ರೆ ಸದ್ದು ಬರದ ಕಡೆ ಇಟ್ಟು ಇಪ್ಪತ್ತು ಸೆಕೆಂಡ್ ರೆಕಾರ್ಡ್ ಮಾಡಿದೆ. ಫ್ಯಾನ್ ಆಫ್ ಮಾಡಬೇಕು, ಇಲ್ಲದಿದ್ದರೆ ಗೊರ್ ಅನ್ನುವುದೊಂದೇ ಕೇಳುತ್ತದೆ. ಕೊನೆಗೆ ಅತ್ತೆ "ಏನ್ ಮಾಡಾಕತ್ತೀದಿ, ಫೋನ್ ಹಿಟ್ಟಾಗ ಬೀಳ್ತೈತಿ" ಅಂದದ್ದೂ ಬಂತು. ಅದನ್ನು ಅವರು ರೂಮಿನವರಿಗೆಲ್ಲ ಕೇಳಿಸಿ, ಅದರ ತಾಳಕ್ಕೇ ರೊಟ್ಟಿ ಬಡಿದರಂತೆ. ನಕ್ಷತ್ರದ ಗುರುತು ಹಾಕಿ ಇಟ್ಟುಕೊಂಡಿದ್ದಾರೆ. ಹತ್ತೊಂಬತ್ತು ತಿಂಗಳಲ್ಲಿ ಅವರು ಹಾಗೆ ಗುರುತು ಹಾಕಿಟ್ಟ ನನ್ನ ಮೆಸೇಜುಗಳಲ್ಲಿ ನಾನು ಮಾತಾಡದೇ ಇದ್ದದ್ದು ಅದೊಂದೇ!

ಕೆಡುವುದು ಎಲ್ಲಿ

ಎಳೆ ಬಿಡುವುದರಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದು. ಉಲ್ಟಾ ವಾರ, ರಾತ್ರಿ 11.20ಕ್ಕೆ ಬರೆದೆ: "ನಿಮಗೊಂದು ಮಾತು ಹೇಳಬೇಕಿತ್ತು. ಇರ್ಲಿ, ನಾಳೆ ಹೇಳ್ತೀನಿ." ನನ್ನ ಮನಸ್ಸಿನಲ್ಲಿ ಇದ್ದದ್ದು ಪಕ್ಕದ ಮನೆಯ ಹುಡುಗಿಯ ನಿಶ್ಚಿತಾರ್ಥ. ಅವರು ಓದಿ ಫೋನ್ ಲಾಕರ್‌ಗೆ ಇಟ್ಟರು. ಮಾವನಿಗೆ ಬಿಪಿ ಇದೆ. ಬೆಳಿಗ್ಗೆ 7ರವರೆಗೂ ಪ್ರೆಸ್ ಮಷಿನ್ ಮುಂದೆ ನಿಂತು ಅದನ್ನೇ ಯೋಚಿಸಿದ್ದಾರೆ. ಹೊರಗೆ ಬಂದ ಕೂಡಲೇ ಫೋನ್ ಮಾಡಿ ಬೈದರು, ಬೈಯುವುದು ನ್ಯಾಯವಾಗಿತ್ತು. ಆವತ್ತಿಂದ ಎಳೆಯ ವಿಷಯ ಏನು ಅಂತ ಮೊದಲೇ ಹೇಳಿಬಿಡಬೇಕು, ಮುಂದೇನಾಯಿತು ಅನ್ನುವುದನ್ನು ಮಾತ್ರ ಉಳಿಸಬೇಕು. ನಿಶ್ಚಿತಾರ್ಥ ಅಂತ ಹೇಳಿ, ಹುಡುಗ ಯಾವ ಊರಿನವನು ಅನ್ನುವುದನ್ನು ನಾಳೆಗೆ ಇಟ್ಟಿದ್ದರೆ ಸಾಕಿತ್ತು. ಆಸ್ಪತ್ರೆ, ದುಡ್ಡು, ಹಿರಿಯರ ಆರೋಗ್ಯ, ಮನೆಯ ಜಗಳ ಯಾವತ್ತೂ ಎಳೆ ಆಗಬಾರದು. ಅದಕ್ಕೆ ಫೋನ್ ಇದೆ.

ಜಗಳದ ರಾತ್ರಿ ಇನ್ನೊಂದು ಕಷ್ಟ. ಏನೂ ಆಗಿಲ್ಲ ಅನ್ನುವ ಹಾಗೆ ಬೆಕ್ಕಿನ ಕಥೆ ಬರೆದರೆ ಅವರಿಗೆ ಉರಿಯುತ್ತದೆ, ಏನೂ ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಾವು ಒಪ್ಪಿಕೊಂಡ ಸಾಲು ಇಷ್ಟೇ: "ಜಗಳ ಮುಗದಿಲ್ಲ. ಐತವಾರ ಮಾತಾಡೂಣು. ಈಗ ಮಲಗ್ರಿ." ಅದಕ್ಕೆ ಉತ್ತರ "ಹೂಂ". ಮೆಸೇಜಿನಲ್ಲೇ ಜಗಳ ಬಿಡಿಸಲು ಹೋಗುವುದಿಲ್ಲ. ದನಿ ಕೇಳದೆ ಓದಿದ ಮಾತು ಬರೆದದ್ದಕ್ಕಿಂತ ಎರಡು ಪಟ್ಟು ಒರಟಾಗಿ ಕೇಳುತ್ತದೆ.

ಇನ್ನು ಸುಸ್ತಾದ ದಿನ. ಸುಗ್ಗಿ ಹೊತ್ತಿನಲ್ಲಿ, ನವೆಂಬರ್ ಡಿಸೆಂಬರ್‌ನಲ್ಲಿ, ಗಿರಣಿಯಲ್ಲಿ ಭತ್ತದ ಲಾರಿ ಸಾಲು ನಿಂತಿರುತ್ತದೆ. ಮನೆ ಸೇರುವುದೇ ರಾತ್ರಿ 9.30. ಆಗ ಎಳೆ ಗಿಳೆ ಯಾರಿಗೆ ಬೇಕು? ಅಂಥ ದಿನಕ್ಕೆ ನಮ್ಮದು ಒಂದೇ ಪದ: "ಹಾಜರಿ". ಫ್ಯಾಕ್ಟರಿಯ ಮಸ್ಟರ್‌ನಲ್ಲಿ ಹಾಕುವ ಹಾಗೆ. ಇದ್ದೇನೆ, ನೆನಪಿದೆ, ಬರೆಯಲು ಕೈ ಬರುತ್ತಿಲ್ಲ ಅಂತ ಅರ್ಥ. ಎದುರಿನವರೂ "ಹಾಜರಿ" ಅಂತ ಹಾಕಿ ಮಲಗುತ್ತಾರೆ, ಬೇಜಾರು ಮಾಡಿಕೊಳ್ಳುವ ಹಾಗಿಲ್ಲ. ಒಂದೇ ಕಟ್ಟಳೆ: ಸತತವಾಗಿ ಎರಡು ದಿನಕ್ಕಿಂತ ಜಾಸ್ತಿ ಹಾಜರಿ ನಡೆಯುವುದಿಲ್ಲ. ಮೂರನೇ ದಿನ ಫೋನ್ ಮಾಡಬೇಕು. ಕಳೆದ ವರ್ಷ ಒಮ್ಮೆ ಅವರ ಕಡೆಯಿಂದ ಎರಡು ದಿನ ಹಾಜರಿ ಬಂತು. ಮೂರನೇ ದಿನ ಫೋನ್‌ನಲ್ಲಿ ಮೆಲ್ಲಗೆ ಕೇಳಿದಾಗ ಓವರ್‌ಟೈಮ್ ನಿಂತು ಪಗಾರ ಕಡಿಮೆಯಾಗಿದೆ ಅಂತ ಗೊತ್ತಾಯಿತು. ಹೇಗೆ ಹೇಳುವುದು ಅಂತ ಸುಮ್ನೆ ಇದ್ದರಂತೆ. ಆ ಕಟ್ಟಳೆ ಇಲ್ಲದಿದ್ದರೆ ನಾನು ಹತ್ತು ದಿನ ಏನೇನೋ ಅಂದುಕೊಳ್ಳುತ್ತಿದ್ದೆ.

ಈ ಕ್ರಮಕ್ಕೂ ಮಿತಿ ಇದೆ. ಇಬ್ಬರೂ ಆಡಿದರೆ ಮಾತ್ರ ಇದು ನಡೆಯುತ್ತದೆ. ನೀವು ಎಳೆ ಬಿಟ್ಟು, ವಾರಗಟ್ಟಲೆ ಆ ಕಡೆಯಿಂದ ಯಾರೂ ಹಿಡಿಯದಿದ್ದರೆ ಇನ್ನಷ್ಟು ಚಂದ ಬರೆದು ಪ್ರಯೋಜನವಿಲ್ಲ. ಬರೆಯುವುದು ಅವರಿಗೆ ಒಗ್ಗದೇ ಇರಬಹುದು, ಆಗ ದನಿಯೋ ಫೋಟೋವೋ ಸಾಕು ಅಂತ ಹೇಳಿ ನೋಡಿ. ನನ್ನ ತಂಗಿಯ ಗಂಡ ಹಾಗೇ. ಎರಡು ಸಾಲು ಟೈಪ್ ಮಾಡಲು ಅರ್ಧ ಗಂಟೆ ಬೇಕು, ಆದರೆ ದಿನಾ ಬೆಳಿಗ್ಗೆ ತಾನು ನಿಂತ ಜಾಗದ ಒಂದು ಫೋಟೋ ಕಳಿಸುತ್ತಾನೆ. ರಾತ್ರಿ ಅವಳು ಅದರಲ್ಲಿ ಕಂಡ ಯಾವುದೋ ಒಂದನ್ನು ಹಿಡಿದು ಕೇಳುತ್ತಾಳೆ.

ಎಲ್ಲವನ್ನೂ ಬರೆದು ಖಾಲಿ ಮಾಡಬೇಡಿ

ಮೊದಲ ವರ್ಷ ಅವರು ರಜೆಗೆ ಬಂದಾಗ ಎದುರುಬದುರು ಕೂತರೆ ಹೇಳಲು ಏನೂ ಉಳಿದಿರಲಿಲ್ಲ. ಎಲ್ಲ ಮೆಸೇಜಿನಲ್ಲಿ ಹೋಗಿತ್ತು. ಈಗ ಕೆಲವು ಎಳೆಗಳ ಕೊನೆಯನ್ನು ಬೇಕೆಂದೇ ಬರೆಯುವುದಿಲ್ಲ. "ಇದು ಊರಿಗೆ ಬಂದಾಗ" ಅಂತ ಹಾಕಿ, ಇಬ್ಬರೂ ಆ ಮೆಸೇಜಿಗೆ ನಕ್ಷತ್ರ ಒತ್ತುತ್ತೇವೆ. ನಗುವ ಸಂಗತಿಗೆ ಮಾತ್ರ ಈ ರಿಯಾಯಿತಿ. ತಿಂಗಳಿಗೆ ಎರಡು ಮೂರು ಸಾಕು.

ಬರುವ ವಾರ ಅವರು ಬರುತ್ತಾರೆ, ಬಸ್ಸು ಬೆಳಿಗ್ಗೆ ಮುಟ್ಟುತ್ತದೆ. ಈಗ ಪಟ್ಟಿಯಲ್ಲಿ ಐದು ಇವೆ: ಕಾಟಾ ಮೇಲೆ ಲಾರಿ ಡ್ರೈವರ್ ಯಾಕೆ ಇಳಿಯಲಿಲ್ಲ, ಅತ್ತೆಯ ಕನ್ನಡಕ ಸಿಕ್ಕಿದ್ದು ಎಲ್ಲಿ, ಅವರ ರೂಮಿನ ಹುಡುಗ ಸೋಲಾಪುರದಲ್ಲಿ ಯಾಕೆ ಇಳಿದ, ದುಂಡಗಿನ ರೊಟ್ಟಿ ನಿಜವಾಗಿ ಬಡಿದದ್ದು ಯಾರು, ಮತ್ತು ಸೋತ ಒಂದು ಪ್ಲೇಟ್ ಮಿರ್ಚಿ ಯಾವ ಬಂಡಿಯಲ್ಲಿ.